ಹುಳಿ ಹಿಟ್ಟಿನ ನಾತ

ನಮ್ಮ ಹೋಟೆಲು ಹೊರರಾಜ್ಯದ ನವರಂಗಪುರದಲ್ಲಿ, ಹಿಟ್ಟು ರುಬ್ಬುವುದು ಮಾತ್ರ ಮನೆಯಲ್ಲಿ. ಬೆಳಿಗ್ಗೆ ದೋಸೆಹಿಟ್ಟಿನ ಡ್ರಮ್ಮುಗಳನ್ನು ವ್ಯಾನಿನಲ್ಲಿ ಒಯ್ಯುವುದು ನನ್ನ ಗಂಡನ ಕೆಲಸ. ಹುಳಿಬಂದ ಹಿಟ್ಟು ಉಕ್ಕುತ್ತದೆಂದು ಮುಚ್ಚಳ ಬಿಗಿಯದೆ ಬಟ್ಟೆ ಕಟ್ಟುತ್ತಿದ್ದೆವು. ಆ ಬೇಸಿಗೆಯ ಒಂದು ದಿನ ಸ್ಕೂಟರಿನವರೊಬ್ಬರು ರಾಂಗ್ ಸೈಡಿನಲ್ಲಿ ಬಂದು ವ್ಯಾನಿಗೆ ಬಡಿದರು. ಆಸ್ಪತ್ರೆ ಮುಟ್ಟುವ ಮೊದಲೇ ಅವರ ಜೀವ ಹೋಗಿತ್ತು.

ಬ್ರೇಕ್ ಹಾಕಿದ ರಭಸಕ್ಕೆ ಡ್ರಮ್ ಮಗುಚಿ ಇವರ ಮೈತುಂಬ ಹಿಟ್ಟು. ಗಡಗಡ ನಡುಗುವ, ಮಾತು ತೊದಲುವ ಮನುಷ್ಯ, ಮೇಲಿಂದ ಆ ಹುಳಿ ನಾತ. ಹೇಳಿಕೇಳಿ ಮದ್ಯ ನಿಷೇಧದ ರಾಜ್ಯ. "ಕುಡಿದು ಜೋರಾಗಿ ಓಡಿಸಿದ" ಎಂದು ಸೇರಿದವರು ಹೇಳಿದರು, ಪೊಲೀಸರೂ ಹಾಗೇ ಬರೆದುಕೊಂಡರು. ಇವರು ಹಬ್ಬದ ದಿನವೂ ಒಂದು ತೊಟ್ಟು ಮುಟ್ಟಿದವರಲ್ಲ.

ವಕೀಲರು ನನಗೆ ಬಿಡಿಸಿ ಹೇಳಿದರು: "ಬೆಹನ್, ಅಜಾಗರೂಕತೆಯಿಂದ ಸಾವಾಯಿತು ಅಂದರೆ ಜಾಮೀನು ಸಿಗುವ ಕೇಸು. ಯಾರಾದರೂ ಸಾಯಬಹುದು ಅಂತ ಗೊತ್ತಿದ್ದೂ ಕುಡಿದು ಓಡಿಸಿದ ಅಂದರೆ ಅದು ನರಹತ್ಯೆ. ಈಗ ಹಾಕಿರುವುದು ಅದನ್ನೇ."

ನರಹತ್ಯೆ! ಜಿರಳೆಯನ್ನೂ ಹೊರಗೆ ಗುಡಿಸಿ ಬಿಡುವ ಮನುಷ್ಯನ ಮೇಲೆ! ಇವರನ್ನು ಜೈಲಿಗೆ ಕಳಿಸಿದರು. ನನಗೆ ಸಿಟ್ಟು ನೆತ್ತಿಗೇರಿತು. ಹಿಂದಿನ ದಿನದ ಹಿಟ್ಟನ್ನು ಡಬ್ಬದಲ್ಲಿ ಹಿಡಿದು ಸೀದಾ ಠಾಣೆಗೆ ಹೋಗಿ, ಇನ್‌ಸ್ಪೆಕ್ಟರ ಮೂಗಿನ ಕೆಳಗೇ ಮುಚ್ಚಳ ತೆಗೆದೆ.

ಆತ ಮುಖ ಹಿಂದಕ್ಕೆಳೆದು ನಕ್ಕ. "ಇದೇ ನಾತ, ಒಪ್ಪಿದೆ. ಆದರೆ ಕೋರ್ಟಿಗೆ ನಿಮ್ಮ ಹಿಟ್ಟೂ ಸಾಲದು, ನನ್ನ ಮೂಗೂ ಸಾಲದು. ರಕ್ತದ ವರದಿ ಬರಲಿ."

ಬಂತು. ರಕ್ತದಲ್ಲಿ ಮದ್ಯದ ಸುಳಿವೇ ಇರಲಿಲ್ಲ. ವ್ಯಾನಿನ ಬ್ರೇಕ್ ಸರಿಯಿತ್ತೆಂದು ಆರ್‌ಟಿಒದವರು ಬರೆದುಕೊಟ್ಟರು. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ವ್ಯಾನ್ ನಿಧಾನವಾಗಿ ತನ್ನ ಸಾಲಿನಲ್ಲೇ ಹೋಗುತ್ತಿತ್ತು. ಪೊಲೀಸರೇ ನರಹತ್ಯೆಯ ಸೆಕ್ಷನ್ ಕೈಬಿಡುವುದಾಗಿ ಕೋರ್ಟಿಗೆ ತಿಳಿಸಿದರು, ಇವರು ಜಾಮೀನಿನ ಮೇಲೆ ಹೊರಬಂದರು. "ಸ್ವಲ್ಪ ಚಾ ಮಾಡ್ತೀಯಾ ಮಾರಾಯ್ತಿ?" ಎಂದಷ್ಟೇ ಕೇಳಿದರು. ನಾನು ಚಾ ಪಾತ್ರೆ ಹಿಡಿದುಕೊಂಡೇ ಅತ್ತೆ.

ಚಾಲಕನ ಅಜಾಗರೂಕತೆ ಕಂಡುಬರಲಿಲ್ಲವೆಂದು ಕೊನೆಗೆ ಪೊಲೀಸರು ವರದಿ ಸಲ್ಲಿಸಿದರು. ಒಪ್ಪಿಗೆಯೋ ಆಕ್ಷೇಪವೋ ಎಂದು ಕೇಳಲು ಮ್ಯಾಜಿಸ್ಟ್ರೇಟರು ದೂರು ಕೊಟ್ಟಿದ್ದ, ತೀರಿಹೋದವರ ಅಣ್ಣನನ್ನು ಕರೆಸಿದರು. ಆತ ಆ ವರದಿ ಬೇಡವೆಂದರೆ ತನಿಖೆ ಮತ್ತೆ ಮೊದಲಿನಿಂದ.

"ವಿಡಿಯೊ ನೋಡಿದೆ ಸಾಹೇಬ್," ಎಂದರು ಆತ. "ಸುತ್ತಿ ಬರುವುದು ತಪ್ಪಲಿ ಅಂತ ತಮ್ಮ ದಿನಾ ಹಾಗೇ ರಾಂಗ್ ಸೈಡಿನಲ್ಲಿ ಬರುತ್ತಿದ್ದ. ಇವರು ಇಳಿದು ಓಡಿಬಂದು ಅವನ ತಲೆ ತೊಡೆಯ ಮೇಲೆ ಇಟ್ಟುಕೊಂಡಿದ್ದಾರೆ. ನನ್ನ ಆಕ್ಷೇಪವಿಲ್ಲ."

ನನಗೆ ಹೋದ ಜೀವ ಬಂದಂತಾಯಿತು. ಆದರೆ ಆತನ ಎದುರು ಅದನ್ನು ತೋರಿಸಿಕೊಳ್ಳಲು ಹೇಗೆ ಸಾಧ್ಯ? ಹೊರಗೆ ಬಂದ ಮೇಲೆ ಇವರು ಕೈಮುಗಿದರು. ಆತ ಇವರ ಕೈ ಹಿಡಿದು, "ಅವನು ಏನಾದರೂ ಹೇಳಿದನಾ?" ಎಂದು ಕೇಳಿದರು.

"ನೀರು ಕೇಳಿದರು," ಎಂದರು ಇವರು. "ಕೊಟ್ಟೆ. ಕುಡಿದರು."