ಪೂಜೆಗೆ ಮುಂಚಿನ ಹಸಿರು ಮಾತ್ರೆ

ಎರಡೂ ಮಂಡಿ ಸವೆದುಹೋಗಿವೆ ಎಂದು ಮೈಸೂರಿನ ಮೂಳೆ ಡಾಕ್ಟರು ಎಕ್ಸ್‌ರೇ ಹಿಡಿದು ತೋರಿಸಿದಾಗ ನನ್ನ ಅಕ್ಕ ಹೆದರಲಿಲ್ಲ, ಖುಷಿಪಟ್ಟಳು. ಇಷ್ಟು ವರ್ಷ ಎಲ್ಲರೂ ಅವಳ ನೋವನ್ನು ಸೋಮಾರಿತನ ಎಂದಿದ್ದರು. ಈಗ ಅದಕ್ಕೊಂದು ಹೆಸರು ಸಿಕ್ಕಿತ್ತು, ಔಷಧವೂ ಇತ್ತು. ಮಂಡಿ ಬದಲಾಯಿಸಬಹುದು ಎಂದರು ಡಾಕ್ಟರು. ಆದರೆ ಈ ತೂಕದಲ್ಲಿ ಅರಿವಳಿಕೆ ಕೊಡುವುದು ಅಪಾಯ, ಹತ್ತು ಕಿಲೋ ಇಳಿಸಿಕೊಂಡು ಬನ್ನಿ ಎಂದರು. ಹತ್ತು ಕಿಲೋ ಎನ್ನುವುದನ್ನು ಅವರು ಸಂತೆಯಿಂದ ಈರುಳ್ಳಿ ತನ್ನಿ ಎನ್ನುವಷ್ಟು ಸಲೀಸಾಗಿ ಹೇಳಿದ್ದು ನನಗೆ ಇವತ್ತಿಗೂ ಸಿಟ್ಟು ಬರಿಸುತ್ತದೆ.

ನಾನು ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ ಡಯಟೀಶಿಯನ್. ದಿನವಿಡೀ ಸಕ್ಕರೆ ಕಾಯಿಲೆಯವರಿಗೂ ಬಸುರಿಯರಿಗೂ ಏನು ತಿನ್ನಬೇಕು ಎಂದು ಹೇಳುವುದೇ ನನ್ನ ಕೆಲಸ. ಅವರು ತಲೆಯಾಡಿಸಿ, ಆಸ್ಪತ್ರೆಯ ಗೇಟು ದಾಟಿದ ಕೂಡಲೇ ಬೋಂಡ ತಿನ್ನುತ್ತಾರೆ. ಅಕ್ಕ ಇರುವುದು ಗುಂಡ್ಲುಪೇಟೆಯಲ್ಲಿ, ಅರಿಶಿನದ ವ್ಯಾಪಾರ ಮಾಡುವ ನಮ್ಮ ಭಾವನ ದೊಡ್ಡ ಮನೆಯಲ್ಲಿ. ಆ ಮನೆಯ ಮಹಡಿ ಒಂದು ಕಾಲದಲ್ಲಿ ಅವಳ ರಾಜ್ಯ. ಸಂಡಿಗೆ, ಹಪ್ಪಳ, ಮೆಣಸಿನಕಾಯಿ ಎಲ್ಲ ಅಲ್ಲೇ ಒಣಗುತ್ತಿತ್ತು. ಕೆಲಸ ಮುಗಿದರೂ ಬೆಟ್ಟದ ಕಡೆ ಮೋಡ ನೋಡುತ್ತ ಅಲ್ಲೇ ನಿಂತಿರುತ್ತಿದ್ದಳು. ಮಂಡಿ ಕೈಕೊಟ್ಟ ಮೇಲೆ ಅವಳು ಮೆಟ್ಟಿಲು ಹತ್ತಿರಲಿಲ್ಲ. ಆಪರೇಷನ್ ಆದರೆ ಮೊದಲು ಹೋಗುವುದು ಮಹಡಿಗೇ ಎನ್ನುತ್ತಿದ್ದಳು.

ತೂಕ ಇಳಿಸಲು ನಾನು ಹೇಳಿದ್ದು ರಾತ್ರಿ ಅನ್ನ ಕಡಿಮೆ ಮಾಡು, ಕಾಳು ತರಕಾರಿ ಹೆಚ್ಚು ಮಾಡು, ಕುರ್ಚಿಯಲ್ಲೇ ಕೂತು ಕೈಕಾಲು ಆಡಿಸು ಎಂದು. ಇದರಲ್ಲಿ ಹೊಸದೇನೂ ಇಲ್ಲದ್ದರಿಂದ ಯಾರಿಗೂ ರುಚಿಸಲಿಲ್ಲ. ಹಿತ್ತಲ ಗಿಡ ಮದ್ದಲ್ಲ, ಒಡಹುಟ್ಟಿದವಳ ಮಾತು ಪಥ್ಯವಲ್ಲ. ಆದರೂ ಅಕ್ಕ ಮಾಡಿದಳು, ನಿಧಾನವಾಗಿ ಎರಡು ಮೂರು ಕಿಲೋ ಇಳಿದಳು. ಆ ನಿಧಾನವೇ ಅವಳಿಗೆ ಬೇಸರ ತರಿಸಿತು.

ಅಷ್ಟರಲ್ಲಿ ಗ್ರೀನ್ ಟೀ ಬಂತು. ಊಟಿ ರಸ್ತೆಯ ಊರಿಗೆ ಟೀ ಬರುವುದೇನೂ ಆಶ್ಚರ್ಯವಲ್ಲ, ನೀಲಗಿರಿಗೆ ಹೋದವರೆಲ್ಲ ಒಂದು ಪೊಟ್ಟಣ ತರುತ್ತಾರೆ. ಈ ಸಲ ತಂದವಳು ಅದೇ ಬೀದಿಯ ಒಬ್ಬ ಹೆಂಗಸು. ಬೆಳಿಗ್ಗೆ ತನ್ನ ಮನೆಯ ಹಜಾರದಲ್ಲಿ ತೂಕ ಇಳಿಸುವ ಕ್ಲಬ್ಬು ನಡೆಸುತ್ತಿದ್ದಳು. ಹೋದವರನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿ, ಬಿಸಿ ಬಿಸಿ ಹಸಿರು ನೀರು ಕೊಟ್ಟು, ಕೊಬ್ಬು ಬೆಣ್ಣೆಯ ಹಾಗೆ ಕರಗುತ್ತದೆ ಎನ್ನುತ್ತಿದ್ದಳು. ಅಕ್ಕ ಅದನ್ನು ಮನೆಗೆ ತಂದು, ನಮ್ಮ ಕಡೆ ಟೀ ಮಾಡುವ ಹಾಗೇ ಮಾಡಿದಳು: ಹಾಲು ಹಾಕಿ, ಬೆಲ್ಲ ಹಾಕಿ, ಉಕ್ಕುವ ತನಕ ಕುದಿಸಿ. ನನಗೆ ನಗು ತಡೆಯಲಾಗಲಿಲ್ಲ. ಸಕ್ಕರೆ ಅಲ್ವಲ್ಲ, ಬೆಲ್ಲ ತಾನೇ ಎಂದಳು.

ಅವಳನ್ನು ಕೂರಿಸಿಕೊಂಡು ನನಗೆ ಗೊತ್ತಿದ್ದಷ್ಟು ಬಿಡಿಸಿ ಹೇಳಿದೆ. ನಾವು ಕುಡಿಯುವ ಟೀಯೂ ಇದೂ ಒಂದೇ ಗಿಡದ ಎಲೆ. ಇದನ್ನು ಕಿತ್ತ ಕೂಡಲೇ ಬಿಸಿ ತಾಗಿಸುವುದರಿಂದ ಕಪ್ಪಾಗುವುದಿಲ್ಲ, ಕ್ಯಾಟೆಚಿನ್ ಎಂಬ ಒಗರಿನ ಅಂಶಗಳು ಹಾಗೇ ಉಳಿಯುತ್ತವೆ. ಜೊತೆಗೆ ಕೆಫೀನ್ ಇದೆ, ಅದು ಕಾಫಿಯಲ್ಲೂ ಇದೆ. ಕೆಫೀನ್ ಮೈಯನ್ನು ಸ್ವಲ್ಪ ಚುರುಕು ಮಾಡುತ್ತದೆ. ಶಕ್ತಿ ಖರ್ಚು ಮಾಡು ಎಂದು ನರಗಳು ಕೊಡುವ ಸೂಚನೆ ಬೇಗ ಆರಿಹೋಗದಂತೆ ಕ್ಯಾಟೆಚಿನ್ ಒಂದಿಷ್ಟು ತಡೆಯಬಹುದು. ಹಾಗಾಗಿ ಕೂತಲ್ಲೇ ಸ್ವಲ್ಪ ಕ್ಯಾಲೊರಿ ಹೆಚ್ಚಿಗೆ ಉರಿಯಬಹುದು. ಅದು ಸುಳ್ಳಲ್ಲ. ಆದರೆ ಆ ಉರಿಯುವುದು ದಿನಕ್ಕೆ ಒಂದೆರಡು ಬಿಸ್ಕತ್ತಿನಷ್ಟು, ಮೈ ಕೆಫೀನಿಗೆ ಒಗ್ಗಿಕೊಂಡರೆ ಅಷ್ಟೂ ಇಲ್ಲ. ತಿಂಗಳುಗಟ್ಟಲೆ ಕುಡಿದವರನ್ನು ತೂಗಿ ನೋಡಿದರೆ ಕುಡಿಯದವರಿಗಿಂತ ಒಂದು ಕಿಲೋ ಆಸುಪಾಸು ಕಡಿಮೆ, ಎಷ್ಟೋ ಕಡೆ ಅದೂ ಇಲ್ಲ.

"ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಕಣಕ್ಕ," ಎಂದೆ. "ಹಾಲು ಬೆಲ್ಲ ಬಿಟ್ಟು ಕುಡಿದರೆ ಕೆಡುಕಿಲ್ಲ. ಆದ್ರೆ ಅದ್ರಿಂದ ಮಂಡಿ ಆಪರೇಷನ್ ಆಗಲ್ಲ."

ಅಕ್ಕ ಗಮನವಿಟ್ಟು ಕೇಳಿದಳು. ನನ್ನ ರೋಗಿಗಳಲ್ಲಿ ಯಾರೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಅವಳು ಕೇಳಿಸಿಕೊಂಡದ್ದು ಇಷ್ಟು: ಕರಗಿಸುವ ವಸ್ತು ಅದರಲ್ಲಿ ಇರುವುದು ನಿಜ, ಲೋಟದಲ್ಲಿ ಕಡಿಮೆ ಇದೆ, ಕೆಡುಕಿಲ್ಲ. ಮಜ್ಜಿಗೆ ಸಾಲದಿದ್ದರೆ ಮಜ್ಜಿಗೆ ಹೆಚ್ಚು ಮಾಡಬೇಕು, ಅಷ್ಟೇ ತಾನೇ? ಕ್ಲಬ್ಬಿನವಳ ಹತ್ತಿರ ಅದೇ ಎಲೆಯ ಸಾರ ತುಂಬಿದ ಮಾತ್ರೆಯೂ ಇತ್ತು. ಒಂದೊಂದರಲ್ಲೂ ಲೋಟಗಟ್ಟಲೆ ಟೀಯ ಶಕ್ತಿ ಎಂದು ಹೇಳಿ ಕೊಟ್ಟಳಂತೆ. ಆಗ ನನಗೆ ಇದು ಗೊತ್ತಿರಲಿಲ್ಲ.

ನಮ್ಮ ಮನೆತನದ ಹೆಂಗಸರು ಇಷ್ಟಲಿಂಗ ಪೂಜೆ ಮುಗಿಯುವ ತನಕ ಬಾಯಿಗೆ ಏನೂ ಹಾಕುವುದಿಲ್ಲ. ಅಕ್ಕನಂತೂ ಈ ವಿಷಯದಲ್ಲಿ ಅತ್ತೆಯನ್ನೇ ಮೀರಿಸಿದವಳು. ಮಂಡಿ ಮಡಚಲಾಗದೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ಪೂಜೆ ಮಾಡಬೇಕಾಗಿ ಬಂದ ಮೇಲೆ, ಆ ಕೊರತೆ ತುಂಬಲೋ ಏನೋ, ಪೂಜೆಯನ್ನು ಇನ್ನಷ್ಟು ಉದ್ದ ಮಾಡಿದ್ದಳು. ಸೋಮವಾರ ಸಂಜೆಯ ತನಕ ಉಪವಾಸ. ಆದರೆ ಮಾತ್ರೆ ನುಂಗಲು ಅಡ್ಡಿಯಿಲ್ಲ, ಔಷಧಿಗೆ ದೋಷವಿಲ್ಲ ಎನ್ನುವುದು ಹಿಂದಿನಿಂದ ಬಂದ ರಿಯಾಯಿತಿ. ಹಾಗಾಗಿ ಅಕ್ಕ ಸ್ನಾನ ಮಾಡಿ ಬಂದವಳೇ ಬರಿಹೊಟ್ಟೆಯಲ್ಲಿ ಹಸಿರು ಮಾತ್ರೆ ನುಂಗಿ ಪೂಜೆಗೆ ಕೂರುತ್ತಿದ್ದಳು. ಉಪವಾಸದ ದಿನ ಹೇಗೂ ಹೊಟ್ಟೆ ಖಾಲಿ ಇದೆ, ಚೆನ್ನಾಗಿ ಹತ್ತುತ್ತದೆ ಎಂದು ಎರಡು ನುಂಗುತ್ತಿದ್ದಳು.

ಹತ್ತುತ್ತದೆ ಎನ್ನುವುದರಲ್ಲಿ ತಪ್ಪಿರಲಿಲ್ಲ. ಊಟದ ಜೊತೆ ತೆಗೆದುಕೊಂಡಾಗ ಏರುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಕ್ಯಾಟೆಚಿನ್ ಬರಿಹೊಟ್ಟೆಯಲ್ಲಿ ರಕ್ತಕ್ಕೆ ಏರುತ್ತದೆ. ಲೋಟದ ಟೀಯಲ್ಲಿ ಇಲ್ಲದ ಅಪಾಯ ಸಾಂದ್ರಗೊಳಿಸಿದ ಮಾತ್ರೆಯಲ್ಲಿ ಇರುವುದು ಇಲ್ಲೇ. ಎಲ್ಲರಿಗೂ ಏನೂ ಆಗುವುದಿಲ್ಲ. ಎಲ್ಲೋ ಕೆಲವರ ಲಿವರ್ ಅದನ್ನು ತಡೆದುಕೊಳ್ಳುವುದಿಲ್ಲ. ಆ ಕೆಲವರು ಯಾರೆಂದು ಮೊದಲೇ ಹೇಳಲು ಬರುವುದಿಲ್ಲ.

ಒಂದು ದಿನ ಭಾವ ಫೋನು ಮಾಡಿದರು. ಅಕ್ಕನಿಗೆ ವಾರದಿಂದ ಅನ್ನದ ವಾಸನೆ ಕಂಡರೇ ಆಗುತ್ತಿಲ್ಲ, ಮೈಯೆಲ್ಲ ನವೆ, ಕಣ್ಣು ಅರಿಶಿನದ ಹಾಗೆ ಆಗಿದೆ ಎಂದರು. ಕಾಮಾಲೆಗೆ ಸೊಪ್ಪಿನ ರಸ ಕೊಡುವವನ ಹತ್ತಿರ ಕರೆದುಕೊಂಡು ಹೋಗಲು ಕಾರು ಹೇಳಿಬಿಟ್ಟಿದ್ದರು. ಬೇಡವೇ ಬೇಡ, ಇಲ್ಲಿಗೆ ಕರೆತನ್ನಿ ಎಂದು ನಾನು ಫೋನಿನಲ್ಲೇ ಜಗಳವಾಡಿದೆ. ಅರ್ಧದಾರಿಯ ತೆರಕಣಾಂಬಿ ದಾಟುವ ತನಕವೂ ಅವರಿಗೆ ಮನಸ್ಸಿರಲಿಲ್ಲವಂತೆ.

ನಮ್ಮ ಡಾಕ್ಟರು ರಕ್ತ ನೋಡಿದರು, ಸ್ಕ್ಯಾನ್ ಮಾಡಿಸಿದರು. ವೈರಸ್ಸಿನ ಕಾಮಾಲೆಯಲ್ಲ, ಪಿತ್ತಕೋಶದಲ್ಲಿ ಕಲ್ಲಿಲ್ಲ. ಏನಾದರೂ ಔಷಧಿ ತಗೊಳ್ತಿದ್ದೀರಾ ಎಂದು ಎರಡೆರಡು ಸಲ ಕೇಳಿದರು. ಬಿಪಿ ಮಾತ್ರೆ ಬಿಟ್ಟರೆ ಏನೂ ಇಲ್ಲ ಎಂದು ಅಕ್ಕ ಎರಡು ಸಲವೂ ಹೇಳಿದಳು. ಅವಳ ಕೈಚೀಲದಲ್ಲಿ ವಿಭೂತಿ ಹುಡುಕುವಾಗ ನನ್ನ ಕೈಗೆ ಹಸಿರು ಮಾತ್ರೆಯ ಡಬ್ಬಿ ಸಿಕ್ಕಿತು.

"ಇದನ್ಯಾಕೆ ಹೇಳಲಿಲ್ಲ?" ಎಂದೆ.

"ಅದು ಔಸ್ದಿಯಲ್ಲ ಕಣಮ್ಮಿ, ಟೀ ಸೊಪ್ಪು. ನೀನೇ ಯೋಳಿದ್ದಲ್ಲ, ಕೆಡುಕಿಲ್ಲ ಅಂತ."

ದೇವರ ಮುಂದೆ ಅದು ಔಷಧಿ, ಡಾಕ್ಟರ ಮುಂದೆ ಟೀ. ಇಬ್ಬರಿಗೂ ಅವಳು ಸುಳ್ಳು ಹೇಳಿರಲಿಲ್ಲ. ನಾನು ಅವಳ ಮೇಲೆ ಕೂಗಾಡಲು ಬಾಯಿ ತೆರೆದವಳು, ಆ ಹಳದಿ ಕಣ್ಣು ನೋಡಿ ಡಬ್ಬಿಯನ್ನು ಡಾಕ್ಟರ ಹತ್ತಿರ ಒಯ್ದೆ. ಡಾಕ್ಟರು ಡಬ್ಬಿ ನೋಡಿ, ಇದೇ ಇರಬೇಕು, ಇವತ್ತೇ ನಿಲ್ಲಿಸಿ, ಇನ್ನು ಜನ್ಮದಲ್ಲಿ ಮುಟ್ಟಬೇಡಿ ಎಂದರು. ಕ್ಲಬ್ಬಿನವಳಿಗೆ ಫೋನು ಮಾಡಿದೆ. ಅವಳು ಪಾಪ ಗಾಬರಿಯಾಗಿ ಅತ್ತಳು. ತಾನೂ ಅದನ್ನೇ ನುಂಗುತ್ತಿದ್ದಳು, ಅವಳಿಗೆ ಏನೂ ಆಗಿರಲಿಲ್ಲ, ತೂಕವೂ ಇಳಿದಿರಲಿಲ್ಲ.

ಅಕ್ಕ ವಾರಗಟ್ಟಲೆ ನಮ್ಮ ವಾರ್ಡಿನಲ್ಲೂ ಆಮೇಲೆ ನನ್ನ ಮನೆಯಲ್ಲೂ ಮಲಗಿದ್ದಳು. ಗಂಜಿ ಕೊಟ್ಟರೆ ಎರಡು ಚಮಚೆ ಕುಡಿದು ಮುಖ ತಿರುಗಿಸುತ್ತಿದ್ದಳು. ಬಳೆಗಳು ಮೊಣಕೈಯ ತನಕ ಜಾರುತ್ತಿದ್ದವು. ದಿನಕ್ಕೆ ಹತ್ತು ಜನರಿಗೆ ಊಟ ಕಡಿಮೆ ಮಾಡಿ ಎನ್ನುವವಳು ನಾನು. ಮನೆಗೆ ಬಂದು, ಇನ್ನೊಂದು ತುತ್ತು ತಿನ್ನು ಎಂದು ಬೇಡಿಕೊಳ್ಳುತ್ತಿದ್ದೆ. ಹೊರಗೆ ಬಂದು ಅಡುಗೆಮನೆಯ ಬಾಗಿಲ ಹಿಂದೆ ಅಳುತ್ತಿದ್ದೆ.

ಪರೀಕ್ಷೆಗೆ ಕರೆದುಕೊಂಡು ಹೋದ ಒಂದು ದಿನ ನರ್ಸ್ ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ನಾನು ಅವಳ ತೋಳು ಹಿಡಿದಿದ್ದೆ. ಅಕ್ಕ ಬಗ್ಗಿ ಮುಳ್ಳು ನೋಡಿದಳು. ಆ ದಿನಗಳಲ್ಲಿ ಮೊದಲ ಸಲ ಅವಳ ಮುಖದಲ್ಲಿ ಕಳೆ ಬಂತು.

"ಅವ್ರು ಯೋಳಿದ ತೂಕ ಬಂದ್ಬುಡ್ತಲ್ಲಮ್ಮಿ," ಎಂದಳು. "ಈಗ ಮಂಡಿ ಮಾಡ್ತಾರ ಅಂತ ಕೇಳು."

ನಾನು ಕೇಳಲಿಲ್ಲ. ಕೇಳುವುದಕ್ಕೆ ಏನಿತ್ತು? ಆ ಲಿವರ್ ಇಟ್ಟುಕೊಂಡು ಯಾರೂ ಅರಿವಳಿಕೆ ಕೊಡುವುದಿಲ್ಲ. ಇಳಿದದ್ದು ಬರೀ ಕೊಬ್ಬೂ ಅಲ್ಲ, ತೊಡೆಯ ಮಾಂಸ ಕೂಡ ಹೋಗಿತ್ತು, ನಾಳೆ ಹೊಸ ಮಂಡಿಯನ್ನು ಹೊರಬೇಕಾದ ಮಾಂಸ ಅದೇ. ಮೊದಲು ಕಾಮಾಲೆ ಇಳಿಯಲಿ ಅಕ್ಕ ಎಂದೆ. ಸರಿ ಕಣ, ಕಾಯ್ತೀನಿ ಎಂದು ಅವಳು ಗೆದ್ದವಳ ಹಾಗೆ ಕುರ್ಚಿಯಲ್ಲಿ ಕೂತಳು.

ಕಾಮಾಲೆ ಇಳಿಯಿತು. ಲಿವರ್ ತಾನಾಗಿಯೇ ಸರಿಹೋಯಿತು, ಕಣ್ಣು ಬೆಳ್ಳಗಾಯಿತು, ಹಸಿವು ಮರಳಿತು. ಹಸಿವಿನ ಹಿಂದೆಯೇ ತೂಕ ಬಂತು, ಹೋದ ಮಾಂಸದ ಜಾಗದಲ್ಲಿ ಹೆಚ್ಚಾಗಿ ಕೊಬ್ಬೇ ತುಂಬಿಕೊಂಡಿತು. ಇಷ್ಟು ದಿನ ಮಲಗಿದ್ದರಿಂದ ಮಂಡಿ ಮೊದಲಿಗಿಂತ ಬಿಗಿದುಕೊಂಡಿತ್ತು. ರಕ್ತ ಪೂರ್ತಿ ಸರಿ ಇದೆ ಎಂಬ ವರದಿ ಹಿಡಿದು ಮೈಸೂರಿಗೆ ಹೋದೆವು. ಮೂಳೆ ಡಾಕ್ಟರು ಅದನ್ನು ನೋಡಿ ಸಂತೋಷಪಟ್ಟು, ಅವಳನ್ನು ತೂಕಕ್ಕೆ ನಿಲ್ಲಿಸಿದರು. ಮುಳ್ಳು ಮೊದಲ ದಿನ ಎಲ್ಲಿ ನಿಂತಿತ್ತೋ ಅಲ್ಲೇ ಬಂದು ನಿಂತಿತು. ಹತ್ತು ಕಿಲೋ ಇಳಿಸಿಕೊಂಡು ಬನ್ನಿ ಎಂದರು.

ನಡೆದರೆ ತೂಕ ಇಳಿಯಲು ಸಹಾಯವಾಗುತ್ತದೆ, ತೂಕ ಇಳಿದರೆ ಮಂಡಿ ಬದಲಾಗಿ ನಡೆಯಬಹುದು. ಇದಕ್ಕೆ ನನ್ನ ಓದಿನಲ್ಲೂ ಉತ್ತರವಿಲ್ಲ. ವಾಪಸು ಬರುವಾಗ ಕಾರಿನಲ್ಲಿ ಮತ್ತೆ ರಾತ್ರಿಯ ಅನ್ನದ ಮಾತು ಎತ್ತಿದೆ. ಅಕ್ಕ ಕಿಟಕಿಯ ಕಡೆ ತಿರುಗಿ, "ಬುಡಮ್ಮಿ, ಸಾಕು," ಎಂದಳು. ಸಿಟ್ಟಿನಿಂದ ಹೇಳಿದ್ದರೆ ನನಗೆ ಅಷ್ಟು ಭಯವಾಗುತ್ತಿರಲಿಲ್ಲ.

ಮನೆಯಲ್ಲಿ ಅವಳು ಭಾವನನ್ನು ಕರೆದು, ಸೆರಗಿನ ಗಂಟಿನಲ್ಲಿ ಇಟ್ಟುಕೊಂಡಿದ್ದ ಮಹಡಿಯ ಬೀಗದ ಕೈ ಬಿಚ್ಚಿ ಕೊಟ್ಟಳು. ಮೇಲೆ ಜಾಗ ಸುಮ್ಮನೆ ಬಿದ್ದಿದೆ, ಅರಿಶಿನದ ಚೀಲ ತುಂಬಿಸಿಕೊಳ್ಳಿ ಎಂದಳು. ಭಾವ ಮಾರನೆಯ ದಿನವೇ ತುಂಬಿಸಿದರು.