ಉತ್ತರ ಪ್ರಶ್ನೆಯಲ್ಲೇ ಇತ್ತು

ಲಂಡನ್ನಿನ ಗ್ರೀನ್‌ಫರ್ಡಿನ ಒಂದು ಗೋದಾಮಿನಲ್ಲಿ ವಾರಕ್ಕೆ ಐದು ದಿನ ವೀರಭದ್ರ ಬರೀ ‘ವೀರ’. ಹಳದಿ ಜಾಕೀಟು ಹಾಕಿಕೊಂಡು, ಯಾವ ಲಾರಿ ಯಾವ ಬಾಗಿಲಿಗೆ ಹಿಂಬದಿ ತಿರುಗಿಸಿ ನಿಲ್ಲಬೇಕೆಂದು ಕೈಸನ್ನೆ ಮಾಡುತ್ತಾನೆ. ಶನಿವಾರ ಬೆಳಿಗ್ಗೆ ಹತ್ತು ಹೊಡೆಯುತ್ತಲೇ ಅದೇ ಮನುಷ್ಯ ‘ವೀರಭದ್ರ ಸರ್’ ಆಗುತ್ತಾರೆ. ಬಹುವಚನ ತಾನಾಗಿಯೇ ಬಂದು ಅಂಟಿಕೊಳ್ಳುತ್ತದೆ. ಅಂಟಿಕೊಳ್ಳದಿದ್ದರೆ ಅವರೇ ಹಚ್ಚಿಕೊಳ್ಳುತ್ತಾರೆ.

ಚರ್ಚಿನ ಹಿಂದಿನ ಬಾಡಿಗೆ ಹಾಲ್‌ನಲ್ಲಿ ಅವರ ಅಕಾಡೆಮಿ. ನಮ್ಮ ಪಿಯುಸಿಯಂಥ ಎ-ಲೆವೆಲ್‌ನ ಗಣಿತ, ಒಂದು ಬಿಳಿ ಬೋರ್ಡು, ಹದಿನಾಲ್ಕು ಮಡಚುವ ಕುರ್ಚಿ. ಪಕ್ಕದ ಕೋಣೆಯಲ್ಲಿ ಹೆಂಗಸರ ಯೋಗ. ವಿಸಿಟಿಂಗ್ ಕಾರ್ಡಿನಲ್ಲಿ ‘ಸಂಸ್ಥಾಪಕ ನಿರ್ದೇಶಕರು’ ಎಂದು ಅಚ್ಚಾಗಿದೆ. ಕುರ್ಚಿ ಬಿಡಿಸಿ ಇಡುವವರೂ, ಮುಗಿದ ಮೇಲೆ ಕಸ ಗುಡಿಸುವವರೂ ಸಂಸ್ಥಾಪಕ ನಿರ್ದೇಶಕರೇ.

ಲಂಡನ್ನಿಗೆ ಬರುವ ಮುಂಚೆ ಅವರು ಧಾರವಾಡದಲ್ಲಿ ಸಿಇಟಿ ಕೋಚಿಂಗ್ ನಡೆಸುತ್ತಿದ್ದರು. ನಾಲ್ಕು ಉತ್ತರಗಳಲ್ಲಿ ಸರಿಯಾದ ಒಂದರ ವೃತ್ತಕ್ಕೆ ಮಸಿ ತುಂಬುವ ಪರೀಕ್ಷೆ ಅದು. ಅಲ್ಲಿ ಹೇಗೆ ಬಂತು ಎಂದು ಯಾರೂ ಕೇಳುವುದಿಲ್ಲ, ಬಂತೋ ಇಲ್ಲವೋ ಅಷ್ಟೆ. ಹೀಗಾಗಿ ವೀರಭದ್ರ ಸರ್ ಶಾರ್ಟ್‌ಕಟ್‌ಗಳ ದೊಡ್ಡ ಖಜಾನೆಯನ್ನೇ ಕಟ್ಟಿಕೊಂಡಿದ್ದರು. ಅದರಲ್ಲಿ ಕಿರೀಟಪ್ರಾಯವಾದದ್ದು xˣ ನದು.

xˣ ಅಂದರೆ ಬುಡದಲ್ಲೂ x, ತಲೆಯ ಮೇಲಿನ ಘಾತದಲ್ಲೂ x. ಇದರ ಅವಕಲನ, ಅಂದರೆ ಡಿಫರೆನ್ಶಿಯೇಶನ್, ಮಾಡಲು ಹೋದ ಹುಡುಗರು ಎಡವಿ ಬೀಳುತ್ತಾರೆ. ಘಾತ ಒಂದು ಅಂಕಿಯಾಗಿದ್ದರೆ ಒಂದು ನಿಯಮವಿದೆ, ಬುಡ ಒಂದು ಅಂಕಿಯಾಗಿದ್ದರೆ ಇನ್ನೊಂದು. ಎರಡೂ ಕಡೆ x ಕುಣಿಯುತ್ತಿದ್ದರೆ ಒಂದೊಂದಾಗಿ ಎರಡೂ ಸಾಲದು. ಸರ್ ಹೇಳಿಕೊಡುತ್ತಿದ್ದದ್ದು ಹೀಗೆ:

“ಮೊದಲ ತಲಿ ಕಟ್ಟಿ ಹಾಕು. ಘಾತ ಅಲ್ಲಾಡೋದಿಲ್ಲ ಅಂದ್ಕೊ. ಆಗ x ಗುಣಲೆ x ರ ಮ್ಯಾಲ x ವಜಾ ಒಂದು, ಅಂದ್ರ xˣ. ಆಮ್ಯಾಲ ಬುಡ ಕಟ್ಟಿ ಹಾಕು. xˣ ಗುಣಲೆ ln x. ಎರಡೂ ಕೂಡಿಸು. xˣ(1 + ln x). ಮುಗೀತು. ಪೆನ್ನು ಕೆಳಗಿಡು, ಚಹಾ ಕುಡಿ.”

ಉತ್ತರ ಸರಿ. ಯಾವಾಗಲೂ ಸರಿ. ಯಾಕೆ ಸರಿ ಎಂದು ಕೇಳಿದವರಿಗೆ ಸರ್ ಕೊಡುತ್ತಿದ್ದ ಉತ್ತರವೂ ಯಾವಾಗಲೂ ಒಂದೇ: “ಔಟ್ ಆಫ್ ಸಿಲೆಬಸ್.”

ಮಾರ್ಚ್ ತಿಂಗಳ ಒಂದು ಶನಿವಾರ ಪಾಠ ಶುರುವಾಗುವ ಮುಂಚೆಯೇ ಬೃಂದಾ ಬಂದು ನಿಂತರು. ಹತ್ತಿರದ ಬಡಾವಣೆ ಪಿನ್ನರ್‌ನವರು, ಅಕೌಂಟೆಂಟು, ಮೂಲ ಧಾರವಾಡದವರೇ. ಅವರ ಏಳು ಸೀಟಿನ ಕಾರಿನಲ್ಲಿ ಮಗಳೂ ಸೇರಿ ಪಿನ್ನರ್‌ನ ಐದು ಮಕ್ಕಳು ಕ್ಲಾಸಿಗೆ ಬರುತ್ತಿದ್ದರು, ಅಂದರೆ ಅಕಾಡೆಮಿಯ ಅರ್ಧ. ಜೊತೆಗೆ ಮಗಳು ಸ್ಫೂರ್ತಿ, ಹದಿನೇಳು ವರ್ಷ. ಕೈಯಲ್ಲಿ ಶಾಲೆಯ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರಪತ್ರಿಕೆ.

“ಸರ, ಇದು ನೋಡ್ರಿ. ನಾಲ್ಕಕ್ಕ ಸೊನ್ನೆ.”

ಸರ್ ಕನ್ನಡಕ ಏರಿಸಿ ನೋಡಿದರು. ತಲೆ ಕಟ್ಟಿಯಾಗಿತ್ತು, ಬುಡ ಕಟ್ಟಿಯಾಗಿತ್ತು, ಕೂಡಿಸಿಯಾಗಿತ್ತು. xˣ(1 + ln x). ಕೆಳಗೆ ಶಾಲೆಯ ಟೀಚರ್ ಕೆಂಪಿನಲ್ಲಿ, ವಿಧಾನವಿಲ್ಲ ಎಂದು ಬರೆದಿದ್ದರು.

“ಉತ್ತರ ಕರೆಕ್ಟ್ ಐತಲ್ಲರೀ!”

“ಹೌದಲ್ಲ? ನಾನೂ ಅದ ಕೇಳ್ಲಿಕ್ಕೆ ಬಂದೀನಿ.”

“ಆ ಟೀಚರ್‌ಗೆ ಗಣಿತ ಬರಂಗಿಲ್ಲ. ಒಂದು ಪತ್ರ ಬರೀತೀನಿ ನಾ. ನನ್ನ ಲೆಟರ್‌ಹೆಡ್‌ನ್ಯಾಗ.”

ಸ್ಫೂರ್ತಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಸಿಟ್ಟು ಬಂದಾಗ ಮಾತ್ರ ಅರ್ಧ ಕನ್ನಡದಲ್ಲಿ ಮಾತಾಡುತ್ತಾಳೆ. “ಅಂಕಲ್, ಕ್ವೆಶ್ಚನ್ ಓದಿ, ಪ್ಲೀಸ್. ‘ಶೋ ದಟ್’ ಅಂತ ಇದೆ. dy/dx ಈಕ್ವಲ್ಸ್ xˣ(1 + ln x) ಅಂತ ತೋರಿಸು ಅಂತ. ಉತ್ತರ ಪ್ರಶ್ನೆಯಲ್ಲೇ ಇತ್ತು, ಅಂಕಲ್.”

ಪಕ್ಕದ ಕೋಣೆಯ ಯೋಗದ ಹೆಂಗಸರೂ ಉಸಿರು ಹಿಡಿದಂತೆ ಅನಿಸಿತು. ಧಾರವಾಡದಲ್ಲಿ ಇಪ್ಪತ್ತು ವರ್ಷ ಯಾವ ಪರೀಕ್ಷೆಯೂ ಉತ್ತರವನ್ನು ಮೊದಲೇ ಕೊಟ್ಟು ಪ್ರಶ್ನೆ ಕೇಳಿರಲಿಲ್ಲ. ಕೊಟ್ಟಿರುವ ಉತ್ತರವನ್ನೇ ಶಾರ್ಟ್‌ಕಟ್ಟಿನಿಂದ ತಲುಪುವುದೆಂದರೆ ಮನೆ ಬಾಗಿಲಲ್ಲೇ ನಿಂತು ಮನೆ ಹುಡುಕಿದೆ ಎಂದು ಬಹುಮಾನ ಕೇಳಿದಂತೆ.

“ಸ್ಪಷ್ಟ ಹೇಳಿಬಿಡ್ತೀನಿ ಸರ,” ಬೃಂದಾ ಕುರ್ಚಿಯಲ್ಲಿ ಕೂರಲೂ ಇಲ್ಲ. “ಪಿನ್ನರ್‌ನಾಗ ನತಾಶಾ ಅಂತ ಹುಡುಗಿ ಇದ್ದಾಳ. ಮಂಗಳೂರು ಕಡಿಯವರು, ಇಲ್ಲೇ ಶಾಲೆಯೊಳಗ ಗಣಿತ ಕಲಸ್ತಾಳ, ಮನ್ಯಾಗ ಟ್ಯೂಷನ್ನೂ ಹೇಳ್ತಾಳ. ಈಗ ಇದನ್ನ ಬೋರ್ಡಿನ ಮ್ಯಾಲ ಹೆಂಗ ತೋರಸಬೇಕೋ ಹಂಗ ತೋರಸ್ರಿ. ಇಲ್ಲಾ, ಮುಂದಿನ ಶನಿವಾರದಿಂದ ನನ್ನ ಗಾಡಿ ಈ ಕಡೆ ತಿರುಗಂಗಿಲ್ಲ.”

“ನನಗ ಪರೀಕ್ಷಾ ಇಡ್ತೀರೇನ್ರಿ?”

“ನನ್ನ ಮಗಳಿಗೆ ಇಟ್ಟಾರಲ್ಲ, ನೀವು ಕಲಿಸಿದ್ದಕ್ಕ.”

ಹಿಂದಿನ ಸಾಲಿನಲ್ಲಿ ಫೆಲ್ಥಮ್‌ನ ಕ್ರಿಸ್ಟೀನ್ ಇದ್ದರು. ವಿಮಾನ ನಿಲ್ದಾಣದಲ್ಲಿ ಕೆಲಸ, ಮಗ ಓಸ್ವಿನ್‌ನನ್ನು ಬಿಟ್ಟು ಹೋಗಲು ಬಂದವರು ಜಗಳ ನೋಡುತ್ತಾ ನಿಂತುಬಿಟ್ಟಿದ್ದರು. “ಮಾಡಿ ತೋರಿಸಿ ಮಾರಾಯ್ರೆ, ನನಗೆ ಶಿಫ್ಟಿಗೆ ಹೊತ್ತಾಗ್ತದೆ,” ಎಂದರು.

ಸರ್ ಮಾರ್ಕರಿನ ಮುಚ್ಚಳ ಕಿತ್ತರು. ಲಾಗ್ ಹಚ್ಚುವ ವಿಧಾನ ಅವರಿಗೆ ಗೊತ್ತಿರಲಿಲ್ಲ ಎಂದಲ್ಲ. ಅದು ಹೊತ್ತು ಹೋಗದವರ ಕೆಲಸವೆಂದು ತಿಳಿದಿದ್ದರು, ಅಷ್ಟೆ.

“y = xˣ. x ಸೊನ್ನೆಗಿಂತ ಹೆಚ್ಚಿರಬೇಕು, ಇಲ್ಲಾಂದ್ರ ಲಾಗ್ ಬರಂಗಿಲ್ಲ.” ಬರೆದರು. “ಈಗ ಎರಡೂ ಕಡೆ ಲಾಗ್ ತಗೊಳ್ರಿ. ln y = x ln x. ಯಾಕ? ಲಾಗ್ ಮುಟ್ಟಿದ ಕೂಡ್ಲೆ ತಲಿ ಮ್ಯಾಲಿನ x ಕೆಳಗ ಇಳದು ಗುಣಾಕಾರ ಆಗ್ತದ. ಗುಣಾಕಾರಕ್ಕ ನಮ್ಮ ಹತ್ರ ನಿಯಮ ಐತಿ. ಬಲಗಡೆ: ಒಂದು ಗುಣಲೆ ln x, ಅಧಿಕ x ಗುಣಲೆ ಒಂದರ ಕೆಳಗ x. ಅಂದ್ರ ln x + 1. ಎಡಗಡೆ: ಒಂದರ ಕೆಳಗ y.”

“dy/dx ಎಲ್ಲಿ?” ಸ್ಫೂರ್ತಿ.

“ಏನು?”

“y ಕೂಡ x ಮೇಲೆ ಡಿಪೆಂಡ್ ಆಗುತ್ತೆ. ಒಂದು ಬೈ y, ಟೈಮ್ಸ್ dy/dx. ಅದಿಲ್ಲದೆ ನೀವು ಏನು ಹುಡುಕ್ತಿದ್ದೀರ?”

“ಬರೀತಿದ್ದೆ, ತಡಿಯವ್ವ! ಕೈ ಬರಿಯೂಮಟಾ ಬಾಯಿ ಮುಚ್ಚು.” ಸರ್ dy/dx ಅನ್ನು ಸಂದಿಯಲ್ಲಿ ತುರುಕಿದರು. ಆಮೇಲೆ y ಯನ್ನು ಬಲಗಡೆಗೆ ತಂದು, y ಇದ್ದಲ್ಲಿ xˣ ಬರೆದು, ಕೆಳಗೆ ಎರಡು ಗೆರೆ ಎಳೆದರು. xˣ(1 + ln x). ಎಲ್ಲ ಸಾಲೂ ಸರಿ. ಕ್ರಿಸ್ಟೀನ್ ಚಪ್ಪಾಳೆ ತಟ್ಟಲು ಹೋಗಿ, ಬೃಂದಾ ಮುಖ ನೋಡಿ ಕೈ ಕೆಳಗಿಳಿಸಿದರು.

ಇಲ್ಲಿಗೆ ಕೂತುಬಿಟ್ಟಿದ್ದರೆ ಅಕಾಡೆಮಿ ಉಳಿಯುತ್ತಿತ್ತು. ಬೃಂದಾ ಬಾಯಲ್ಲಿ, “ಹಂ, ಇದನ್ನ ಮೊದಲ ಹೇಳಿಕೊಟ್ಟಿದ್ರ...” ಎನ್ನುವವರೆಗೆ ಬಂದಿತ್ತು. ಆದರೆ ಗೆದ್ದ ಮೇಲೆ ಸುಮ್ಮನಿರುವ ಶಾರ್ಟ್‌ಕಟ್ ಸರ್ ಕಲಿತಿರಲಿಲ್ಲ.

“ಇಷ್ಟಕ್ಕ ನತಾಶಾ ಬೇಕಾಗಿತ್ತೇನ್ರಿ ನಿಮಗ? ಲಾಗ್ ಅಂದ್ರ ರಾಮಬಾಣ. ಎಂಥಾದ್ದ ಬರ್ಲಿ, ಎರಡೂ ಕಡೆ ಲಾಗ್! ನೋಡ್ರಿ, ಇನ್ನೂ ಕಠಿಣದ್ದು ತೋರಸ್ತೀನಿ.” ಬೋರ್ಡು ಒರೆಸಿ, ಪೂರ್ತಿ ಅಗಲಕ್ಕೆ ಬರೆದರು: y = xˣ + 2ˣ. ಅವತ್ತಿನವರೆಗೂ ಹಳಿದಿದ್ದ ವಿಧಾನಕ್ಕೆ ಹತ್ತು ನಿಮಿಷದ ಹಿಂದೆಯಷ್ಟೇ ಮತಾಂತರಗೊಂಡವರ ಆವೇಶ ಅದು. “ಎರಡೂ ಕಡೆ ಲಾಗ್. ln y = x ln x + x ln 2. ಈಗ...”

“ಸ್ಟಾಪ್,” ಎಂದಳು ಸ್ಫೂರ್ತಿ.

“ಮತ್ತೇನವ್ವ?”

“x ಜಾಗದಲ್ಲಿ ಒಂದು ಹಾಕಿ.”

“ಯಾಕ?”

“ಸುಮ್ಮನೆ ಹಾಕಿ. ಮೇಲಿನ ಸಾಲಲ್ಲಿ y ಎಷ್ಟು?”

ಸರ್ ಗೊಣಗುತ್ತಾ ಲೆಕ್ಕ ಹಾಕಿದರು. “ಒಂದರ ಮ್ಯಾಲ ಒಂದು, ಒಂದು. ಎರಡರ ಮ್ಯಾಲ ಒಂದು, ಎರಡು. ಕೂಡಿಸಿದ್ರ ಮೂರು.”

“ಕೆಳಗಿನ ಸಾಲಲ್ಲಿ?”

“ln 1 ಸೊನ್ನೆ. ಉಳದದ್ದು ln 2. ಅಂದ್ರ y...”

“ಎರಡು,” ಎಂದಳು ಸ್ಫೂರ್ತಿ. “ಮೇಲೆ ಮೂರು, ಕೆಳಗೆ ಎರಡು. ಕೂಡಿಸಿದ್ದರ ಲಾಗ್ ಬೇರೆ, ಲಾಗ್‌ಗಳನ್ನು ಕೂಡಿಸೋದು ಬೇರೆ. ನೀವು ಬರೆದದ್ದು xˣ ಟೈಮ್ಸ್ 2ˣ ಗೆ. ನಮ್ಮ ಟೀಚರ್ ಇದನ್ನು ಮೊದಲ ವಾರವೇ ಹೇಳಿದ್ರು.”

ಬೃಂದಾ ನಗಲಿಲ್ಲ. ನಕ್ಕಿದ್ದರೆ ಸರ್‌ಗೆ ಹಗುರಾಗುತ್ತಿತ್ತು. “ಮಗಳ, ಹೆಂಗ ಮಾಡಬೇಕು?” ಎಂದು ತಣ್ಣಗೆ ಕೇಳಿದರು, ಸರ್ ಅಲ್ಲಿಲ್ಲವೇನೋ ಎಂಬಂತೆ.

ಸ್ಫೂರ್ತಿ ಸರ್ ಕೈಯಿಂದ ಮಾರ್ಕರ್ ಕೇಳಲಿಲ್ಲ. ಮೇಜಿನ ಮೇಲಿದ್ದ ಹಸಿರು ಮಾರ್ಕರ್ ತಗೊಂಡಳು. ಕೂಡಿಸಿದ್ದನ್ನು ಮೊದಲು ಬಿಡಿಸಿದಳು. xˣ ಗೆ ಮಾತ್ರ ಲಾಗ್ ಹಚ್ಚಿ, 2ˣ ಗೆ ಅದರ ಪಾಡಿಗೆ 2ˣ ln 2 ಬರೆದು, ಕೊನೆಯಲ್ಲಿ ಎರಡನ್ನೂ ಕೂಡಿಸಿದಳು: xˣ(1 + ln x) + 2ˣ ln 2.

“ನಿಮ್ಮ ತಲಿ-ಬುಡ ಟ್ರಿಕ್ ಹಚ್ಚಿದ್ರೂ ಇದು ಸರಿಯಾಗಿ ಬರ್ತಿತ್ತು, ಅಂಕಲ್,” ಎಂದಳು. ಸಮಾಧಾನ ಹೇಳಲೆಂದೇ ಹೇಳಿದ್ದಳೋ ಏನೋ. ಕೇಳಿದವರಿಗೆ ಹಾಗೆ ಕೇಳಿಸಲಿಲ್ಲ. ಇಪ್ಪತ್ತು ವರ್ಷ ಕೈಹಿಡಿದ ಶಾರ್ಟ್‌ಕಟ್ಟನ್ನು ಬಿಟ್ಟ ಹತ್ತೇ ನಿಮಿಷಕ್ಕೆ ಸರ್ ಮುಗ್ಗರಿಸಿದ್ದರು.

“ನಿಮ್ಮನ್ನ ಪರೀಕ್ಷಾ ಮಾಡ್ಲಿಕ್ಕೆ ನಾನ ಬೇಕಂತ ತಪ್ಪು ಬರದಿದ್ದೆ,” ಎಂದರು ಸರ್, ಡಸ್ಟರ್ ಕೈಗೆತ್ತಿಕೊಂಡು.

“ಪಾಸಾದಳಲ್ಲ,” ಎಂದರು ಬೃಂದಾ. “ಹಂಗಾದ್ರ ಆಕಿಗೆ ಇಲ್ಲಿ ಕಲಿಯೋದು ಏನೂ ಉಳದಿಲ್ಲ. ನಡೀರಿ.” ಉಳಿದ ನಾಲ್ವರ ಕುರ್ಚಿಗಳು ಒಟ್ಟಿಗೆ ಕಿರುಗುಟ್ಟಿದವು. ಹೋಗುವಾಗ ಸ್ಫೂರ್ತಿ ಹಸಿರು ಮಾರ್ಕರಿನ ಮುಚ್ಚಳ ಹಾಕಿಟ್ಟಳು. ಬೃಂದಾ ಬಾಗಿಲು ಹಾಕಲಿಲ್ಲ. ತಣ್ಣನೆ ಗಾಳಿ ಒಳಗೆ ಬಂತು.

ಕ್ರಿಸ್ಟೀನ್ ಓಸ್ವಿನ್‌ನನ್ನು ಕ್ಲಾಸಿನಲ್ಲೇ ಬಿಟ್ಟುಹೋದರು. “ಬೇರೆ ಎಲ್ಲಿ ಬಿಡುವುದು ಹೇಳಿ,” ಎಂದು ಕಾರಣವನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು.

ಮಧ್ಯಾಹ್ನ ಮನೆಯಲ್ಲಿ ರತ್ನವ್ವ ರೊಟ್ಟಿ ಬಡಿಯುತ್ತಿದ್ದರು. ಗಂಡ ಡಸ್ಟರ್ ಕೈಯಲ್ಲೇ ಹಿಡಿದು ಬಂದದ್ದನ್ನು ನೋಡಿ ಬಡಿಯುವುದನ್ನು ನಿಲ್ಲಿಸಿದರು.

“ಏನಾತು?”

“ಪಿನ್ನರ್‌ನವರು ಬಿಟ್ಟರು.”

“ಹೆಂಗ?”

“ಬಿಟ್ಟರು ಅಂದ್ನಲ್ಲ. ಹೆಂಗ ಅಂತ ಯಾಕ ಬೇಕು ನಿನಗ?”

ರತ್ನವ್ವನಿಗೆ ಬೃಂದಾರಿಂದ ಆಗಲೇ ಫೋನ್ ಬಂದಿತ್ತು. ಉತ್ತರ ಅವರ ಕೈಯಲ್ಲೂ ಮೊದಲೇ ಇತ್ತು. “ಬಿಟ್ಟರು ಅನ್ನೋದು ನನಗೂ ಗೊತ್ತೈತಿ,” ಎಂದರು. “ಸಾಲು ಸಾಲು ಬಿಡಿಸಿ ಹೇಳ್ರಿ. ನಡುವ ಒಂದು ಸಾಲು ನುಂಗಿದ್ರೂ ಊಟ ಇಲ್ಲ.”

ವೀರಭದ್ರ ಡಸ್ಟರನ್ನು ಕಿಟಕಿಯ ಕಟ್ಟೆಗಿಟ್ಟರು. ಆಮೇಲೆ ಸ್ಟೂಲು ಎಳೆದುಕೊಂಡು, ತಲೆ ಕಟ್ಟದೆ, ಬುಡ ಕಟ್ಟದೆ, ಆ ಬೆಳಿಗ್ಗೆ ಕುರ್ಚಿ ಬಿಡಿಸಿ ಇಟ್ಟಲ್ಲಿಂದ ಹೇಳತೊಡಗಿದರು. ಮೂರು ಮತ್ತು ಎರಡರ ಹತ್ತಿರ ಬಂದಾಗ ಧ್ವನಿ ಸಣ್ಣದಾಯಿತು.

“ಕೇಳಸ್ಲಿಲ್ಲ,” ಎಂದರು ರತ್ನವ್ವ. “ಆ ಸಾಲು ಇನ್ನೊಮ್ಮೆ.”