ಮುದುಕವ್ವನ ಸೀರೆಗಳ ಮೇಲೆ ಬಿದ್ದ ಜಪ್ತಿ

ಗಜೇಂದ್ರಗಡದಲ್ಲಿ ವೀರವ್ವನ ಕೈ ನೋಡಿ ಆ ವಾರದ ಬಣ್ಣ ಯಾವುದೆಂದು ಹೇಳಬಹುದಿತ್ತು. ಕಡುಗೆಂಪಾದರೆ ಉಗುರಿನ ಸಂದಿಯಲ್ಲಿ ಕೆಂಪು, ಇಂಡಿಗೋ ಆದರೆ ಮೊಣಕೈವರೆಗೆ ನೀಲಿ. ಬೆಳಗಾದರೆ ಒಲೆ ಹೊತ್ತಿಸಿ ಹಂಡೆಯಲ್ಲಿ ನೀರು ಕಾಯಿಸುವುದು, ನೂಲಿನ ಲಡಿ ಅದ್ದುವುದು, ಹಿಂಡುವುದು, ಬಿದಿರಿಗೆ ಹಾಕಿ ಒಣಗಿಸುವುದು. ನಡುವೆಯೇ ರೊಟ್ಟಿ ಬಡಿಯುವುದು, ಅತ್ತೆಗೆ ಔಷಧಿ ಕೊಡುವುದು. ಗಂಡ ಅಂದಾನಪ್ಪ ಮುಂದಿನ ಪಡಸಾಲೆಯಲ್ಲಿ ಕೂತು ನೂಲು ತೂಗಿ ಕೊಡುತ್ತಿದ್ದ. ಊರವರು ಅದನ್ನು "ಅಂದಾನಪ್ಪನ ಬಣ್ಣದ ಅಂಗಡಿ" ಎನ್ನುತ್ತಿದ್ದರು. ಹೆಂಗಸರ ಹೆಸರಿಗೆ ಬ್ಯಾಂಕಿನಲ್ಲಿ ಸಾಲ ಸುಲಭವಾಗಿ ಸಿಗುತ್ತದೆ ಎಂದು ನಾಲ್ಕು ವರ್ಷದ ಕೆಳಗೆ ಅವನೇ ಲೈಸೆನ್ಸನ್ನೂ ಜಿಎಸ್‌ಟಿಯನ್ನೂ ಹೆಂಡತಿಯ ಹೆಸರಿಗೆ ಮಾಡಿಸಿದ್ದ. ಅದು ಕಾಗದದಲ್ಲಿ ಮಾತ್ರ ಇರಲಿ ಎಂದು ಇಬ್ಬರೂ ಅಂದುಕೊಂಡಿದ್ದರು.

ಕಾಗದ ಮಾತಾಡುವ ದಿನ ಬಂತು. ಸೀರೆ ವ್ಯಾಪಾರಿ ಶಶಿಕಾಂತ ಎರಡು ವರ್ಷದಿಂದ ಬಣ್ಣದ ನೂಲನ್ನು ಉದ್ದರಿ ಒಯ್ದು ನೇಕಾರರಿಗೆ ಹಂಚುತ್ತಿದ್ದ. ಬಾಕಿ ಮೂರು ಲಕ್ಷದ ಹತ್ತಿರ ಬಂದು ನಿಂತಿತ್ತು. ಕೇಳಿದರೆ "ದೀಪಾವಳಿ ಆಗಲಿ", ಆಮೇಲೆ "ಸಂಕ್ರಾಂತಿ ಆಗಲಿ". ಒಂದು ದಿನ ಬಸ್ ನಿಲ್ದಾಣದ ಎದುರಿನ ಅವನ ಅಂಗಡಿಯಿಂದ ಹಾಡಹಗಲೇ ಟೆಂಪೋಕ್ಕೆ ಸೀರೆ ಗಂಟುಗಳು ಏರುತ್ತಿದ್ದವು. ಅಂಗಡಿ ಜಾಗವನ್ನು ನರಗುಂದದ ಒಬ್ಬರಿಗೆ ಮಾರಲು ಮಾತಾಡಿದ್ದಾನೆ ಎಂಬ ಸುದ್ದಿಯೂ ಬಂತು. ಅವನು ಕೊಡದಿದ್ದರೆ ನೂಲಿನ ಗಿರಣಿಯವರಿಗೆ ವೀರವ್ವ ಕೊಡಬೇಕಾದ ಹಣಕ್ಕೆ ದಾರಿಯಿರಲಿಲ್ಲ. ಹಂಡೆಯ ಕೆಳಗಿನ ಬೆಂಕಿ ಆರುತ್ತಿತ್ತು.

ರೋಣದ ವಕೀಲೆ ಸುಧಾರಾಣಿ ಕಾಗದ ನೋಡಿ ಅಂದಾನಪ್ಪನ ಕಡೆಗಲ್ಲ, ವೀರವ್ವನ ಕಡೆಗೆ ತಿರುಗಿದಳು.

"ವಾದಿ ನೀವರೀ. ಸಹಿ ನಿಮ್ಮದು, ಪ್ರಮಾಣಪತ್ರ ನಿಮ್ಮದು."

"ನಾನಾ? ನಮ್ಮ ಯಜಮಾನ್ರು ಇದ್ದಾರಲ್ಲರೀ."

"ಅವರ ಹೆಸರಿನ್ಯಾಗ ಏನೂ ಇಲ್ಲ," ಎಂದಳು ಸುಧಾರಾಣಿ. ಅಂದಾನಪ್ಪ ಕೆಮ್ಮಿದ.

ಅಂದಿನಿಂದ ವೀರವ್ವನಿಗೆ ತಲೆ ಬುಡ ತಿಳಿಯದ ದಿನಗಳು. ಹಣ ಕೊಟ್ಟಿಲ್ಲ ಎಂದು ದಾವೆ ಹಾಕಿದರೆ ತೀರ್ಪಿಗೆ ವರ್ಷಗಳೇ ಹಿಡಿಯುತ್ತವೆ, ಅಷ್ಟರಲ್ಲಿ ಆಸಾಮಿ ಎಲ್ಲ ಮಾರಿಕೊಂಡು ಹೋದರೆ ತೀರ್ಪು ಗೋಡೆಗೆ ಅಂಟಿಸಲು ಮಾತ್ರ. ಅದಕ್ಕೇ ದಾವೆಯ ಜೊತೆಯಲ್ಲೇ ಎರಡು ಅರ್ಜಿ ಎಂದು ಸುಧಾರಾಣಿ ಹೇಳಿದಳು. ಒಂದು, ಅಂಗಡಿ ಜಾಗ ಮಾರಬೇಡ ಎಂಬ ತಾತ್ಕಾಲಿಕ ತಡೆಯಾಜ್ಞೆಗೆ. ಇನ್ನೊಂದು, ಸೀರೆ ದಾಸ್ತಾನನ್ನು ತೀರ್ಪಿಗೆ ಮೊದಲೇ ಜಪ್ತಿ ಮಾಡಲು.

"ಜಪ್ತಿ ಆದ್ರ ಸೀರಿ ನಮ್ಮ ಮನಿಗೆ ಬರ್ತಾವೇನ್ರಿ?"

"ಇಲ್ಲರೀ ಅಕ್ಕಾರ. ಅವು ಅವನವ. ಅವ ಮಾರಬಾರದು, ಅಷ್ಟ. ಕೇಸು ಗೆದ್ದ ಮ್ಯಾಲ ಅದರಿಂದ ವಸೂಲಿ."

"ಹಂಗಾದ್ರ ಗೆಲ್ಲೂಮಟಾ ಅವ ಅವನವಾ?"

"ಹೌದ್ರಿ. ಅವನ ಸ್ವತ್ತನ್ನ ಕೋರ್ಟ್ ಹಿಡಿದಿಟ್ಟಿರತೈತಿ."

ತನ್ನದಲ್ಲದ ಸೀರೆಯನ್ನು ತನಗಾಗಿ ಹಿಡಿದಿಡುವುದು. ವೀರವ್ವ ತಲೆಯಾಡಿಸಿದಳು, ಅರ್ಥವಾಗಲಿಲ್ಲ. ಜಪ್ತಿ ಕೇಳುವ ಸ್ವತ್ತು ಯಾವುದು, ಅದರ ಬೆಲೆ ಅಂದಾಜು ಎಷ್ಟು ಎಂದು ಬರೆದುಕೊಡಬೇಕಿತ್ತು. ಶಶಿಕಾಂತ ಕೂಲಿಗೆ ನೇಯಿಸುತ್ತಿದ್ದ ಮನೆಗಳ ಮಗ್ಗಗಳನ್ನೂ ಅಂದಾನಪ್ಪ ಸೇರಿಸಿದ. ಸುಧಾರಾಣಿ ಅದನ್ನು ಹೊಡೆದು ಹಾಕಿದಳು: ಮಗ್ಗ ನೇಕಾರರದ್ದು, ಶಶಿಕಾಂತನದ್ದಲ್ಲ, ಕಸುಬಿನವರ ಸಾಧನವನ್ನು ಹಾಗೆಲ್ಲ ಹಿಡಿಯುವುದಕ್ಕೂ ಕಾಯ್ದೆ ಬಿಡುವುದಿಲ್ಲ.

ಬಾಕಿ ಇದೆ ಎಂದರೆ ಸಾಲದು, ಸಾಲಗಾರ ತೀರ್ಪನ್ನು ತಪ್ಪಿಸಲೆಂದೇ ಸರಕು ಸಾಗಿಸುತ್ತಿದ್ದಾನೆ ಎಂದು ತೋರಿಸಬೇಕಂತೆ. ಟೆಂಪೋ ಕಂಡವರ ಪ್ರಮಾಣಪತ್ರವೂ, ಜಾಗದ ಮಾತುಕತೆಯ ವಿವರವೂ ಹೋದವು. ನ್ಯಾಯಾಧೀಶರು ಓದಿ, ಬಾಕಿಯ ಮಟ್ಟಿಗೆ ಭದ್ರತೆ ಕೊಡು, ಇಲ್ಲವೇ ಯಾಕೆ ಕೊಡಬಾರದು ಎಂದು ಬಂದು ಹೇಳು ಎಂದು ಶಶಿಕಾಂತನಿಗೆ ನೋಟಿಸು ಕಳಿಸಿದರು. ಅಷ್ಟರವರೆಗೆ ಸೀರೆಗಳ ಮೇಲೆ ಷರತ್ತಿನ ಜಪ್ತಿ. ತಡಮಾಡಿದರೆ ಕೈ ಮೀರುತ್ತದೆ ಎಂದು ಕಾರಣ ಬರೆದು, ಅವನ ಮಾತು ಕೇಳುವ ಮೊದಲೇ ಜಾಗದ ಮೇಲೂ ತಡೆಯಾಜ್ಞೆ ಕೊಟ್ಟರು. ಆದೇಶದ ಪ್ರತಿಯನ್ನು ಸುಧಾರಾಣಿ ಆವತ್ತೇ ರಿಜಿಸ್ಟರ್ ಅಂಚೆಗೆ ಹಾಕಿದಳು.

ಕೋರ್ಟಿನ ಬೇಲಿಫ್ ಮುನಾವರ ಜಪ್ತಿಯ ಆದೇಶ ಹಿಡಿದು ಶಶಿಕಾಂತನ ಅಂಗಡಿಗೆ ಬಂದ. ಶಶಿಕಾಂತ ಊರಲ್ಲಿರಲಿಲ್ಲ, ಗುಮಾಸ್ತನೊಬ್ಬನೇ ಇದ್ದ. ಸರಕು ತೋರಿಸುವ ಕೆಲಸ ವಾದಿಯದು. ಪಟ್ಟೇದ ಅಂಚಿನ ಸೀರೆಗಳ ರಾಶಿಯ ಮುಂದೆ ವೀರವ್ವ ನಿಂತಾಗ ಮೊದಲ ಬಾರಿಗೆ ತನಗೆ ಗೊತ್ತಿರುವ ಜಾಗಕ್ಕೆ ಬಂದಂತಾಯಿತು.

"ಇವೆಲ್ಲಾ ಪ್ರತಿವಾದಿಯವ ಏನ್ರಿ?" ಮುನಾವರ ಕೇಳಿದ.

"ನಾನ ಅದ್ದಿದ ಬಣ್ಣಾರೀ. ನನಗ ಗೊತ್ತಾಗೂದಿಲ್ಲೇನ್ರಿ?"

ಕಡುಗೆಂಪು, ನೀಲಿ, ತನ್ನ ಬಣ್ಣ ಕಂಡಲ್ಲೆಲ್ಲ ಬೆರಳು ತೋರಿಸಿದಳು. ಪಂಚರ ಸಮಕ್ಷಮ ಸೀರೆಗಳನ್ನು ಒಳಕೋಣೆಗೆ ಹಾಕಿ ಬೀಗ ಜಡಿದು ಅರಗು ಹಚ್ಚಿದರು.

ಸಂಜೆ ಗೆಳತಿ ಮುದುಕವ್ವ ವೀರವ್ವನ ಮನೆ ಬಾಗಿಲಿಗೆ ಬಂದಳು. ಅವಳೂ ವೀರವ್ವನೂ ಒಂದೇ ಓಣಿಯಲ್ಲಿ ಬೆಳೆದವರು, ಒಂದೇ ಓಣಿಗೆ ಸೊಸೆಯಾಗಿ ಬಂದವರು. ಒಳಗೆ ಬಾ ಎಂದರೂ ಬರಲಿಲ್ಲ.

"ಯವ್ವಾ ವೀರಿ, ನನ್ನ ಸೀರಿ ಯಾಕ ಹಿಡಿಸಿದಿ?"

"ನಿನ್ನವು ಎಲ್ಲಿವು? ಶಶಿಕಾಂತಂದು ಹಿಡಿಸೀನಿ."

"ಆ ಕೆಂಪೂ ಸೀರಿ ನನ್ನವು. ನಿನ್ನ ಕಡೆನ ರೊಕ್ಕ ಕೊಟ್ಟು ನೂಲು ಒಯ್ದಿದ್ದಿಲ್ಲೇನು? ಮಾರಿದ್ರ ರೊಕ್ಕ ಕೊಡು, ಇಲ್ಲಂದ್ರ ತಿರುಗಿ ಕೊಡು ಅಂತ ಶಶಿಕಾಂತನ ಅಂಗಡ್ಯಾಗ ಇಟ್ಟಿದ್ದೆ."

ಅದು ವೀರವ್ವನಿಗೆ ನೆನಪಿತ್ತು. ನೂಲು ಕೊಟ್ಟದ್ದು ಖರೆ. ನೇಯ್ದು ಮಾರಿದ್ದಾಳೆ ಎಂದುಕೊಂಡಿದ್ದಳು. ಮುದುಕವ್ವನ ಗಂಡ ಹೂವಪ್ಪ ಕೂಲಿಯ ನೇಯ್ಗೆ ಮುಗಿಸಿ ಮಧ್ಯಾಹ್ನ ಮಲಗಿದಾಗ, ಹಿಟ್ಟು ಬೀಸಿ, ಮುಸುರೆ ತಿಕ್ಕಿ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಿಟ್ಟು, ಮನೆಯ ಎರಡನೇ ಮಗ್ಗದ ಕುಣಿಗೆ ಮುದುಕವ್ವ ಇಳಿಯುತ್ತಿದ್ದಳು. ಯಾರಿಗೂ ಲೆಕ್ಕಕ್ಕೆ ಸಿಗದ ಆ ಹೊತ್ತಿನಲ್ಲಿ ನೇಯ್ದವು ಈ ಸೀರೆಗಳು. ಹೂವಪ್ಪ ಅದೆಲ್ಲ ಶಶಿಕಾಂತನ ಕೂಲಿಯ ನೇಯ್ಗೆ ಎಂದೇ ತಿಳಿದಿದ್ದ. ಬಣ್ಣ ಕಂಡಿದ್ದ ವೀರವ್ವ ನೇಯ್ದವಳನ್ನು ಕಾಣಲಿಲ್ಲ.

"ನಾಳೆ ರೋಣಕ್ಕ ಹೋಗಿ ತಪ್ಪಾತು ಅಂತ ಹೇಳಿ ಬಿಡಿಸಿ ಕೊಡ್ತೀನಿ, ಬಿಡ," ಎಂದಳು.

ಸುಧಾರಾಣಿ ಕೇಳಿ ಪೆನ್ನು ಕೆಳಗಿಟ್ಟಳು.

"ನೀವು ಬಿಟ್ಟರ ಎಲ್ಲಿಗೆ ಹೋಗತಾವ ಗೊತ್ತೇನ್ರಿ? ಹಿಡಿದದ್ದು ಶಶಿಕಾಂತನ ಅಂಗಡ್ಯಾಗ, ತಿರುಗಿ ಹೋಗೂದೂ ಅವನ ಕೈಗೆ. ಟೆಂಪೋಕ್ಕ ಏರಸ್ತಾನ. ಅವು ತನ್ನವು ಅಂತ ಆಕೀನ ಅರ್ಜಿ ಹಾಕಬೇಕು, ಆಕೀನ ಬಂದು ಸಾಕ್ಷಿ ಹೇಳಬೇಕು."

"ಆಕಿ ಹ್ಯಾಂಗ ಬರ್ತಾಳ್ರಿ? ಮನ್ಯಾಗ ಗೊತ್ತಿಲ್ಲ."

"ಇನ್ನೊಂದ ಕೇಳ್ರಿ. ಸಾಲಗಾರರ ಹಳೇ ಆಟ ಇದು. ಜಪ್ತಿ ಆತಂದ್ರ, ಇದು ನನ್ನದಲ್ಲ, ಆಕೀದು, ಈಕೀದು ಅಂತಾರ. ಇವತ್ತ ಮುಂಜಾನೆ ಶಶಿಕಾಂತನೂ ಹಂಗ ತಕರಾರು ಕೊಟ್ಟಾನ, ಭದ್ರತೆ ಕೊಡ್ತೀನಿ ಅಂದಿಲ್ಲ. ಆ ಕೆಂಪೂ ಸೀರಿ ಹೋದ್ರ ನಿಮ್ಮ ಬಾಕಿಗೆ ಅರ್ಧಾನೂ ಆಸರ ಉಳಿಯೂದಿಲ್ಲ. ವಕೀಲಳಾಗಿ ಹೇಳ್ತೀನಿ, ವಿರೋಧ ಮಾಡೂಣು. ಆದ್ರ ಖರೇ ಏನು ಅನ್ನೂದು ನಿಮಗ ಗೊತ್ತು."

ಬಸ್ಸಿನಲ್ಲಿ ವೀರವ್ವನಿಗೆ ಹೊರಗಿನ ಹೊಲಗಳು ಒಂದೂ ಕಣ್ಣಿಗೆ ಬೀಳಲಿಲ್ಲ. ವಿರೋಧ ಮಾಡಿದರೆ ಗೆಳತಿಯ ಸೀರೆಯಲ್ಲಿ ತನ್ನ ಬಾಕಿ ಬೆಚ್ಚಗಿರುತ್ತದೆ. ಮಾಡದಿದ್ದರೆ ಹಂಡೆ ತಣ್ಣಗಾದೀತು. ಅಂದಾನಪ್ಪ ಪಕ್ಕದ ಸೀಟಿನಲ್ಲಿ ಸುಲಭವಾಗಿ ಹೇಳಿದ: "ಸುಮ್ನ ಇರು. ಆಕಿ ಕೋರ್ಟಿಗೆ ಬರೂದಿಲ್ಲ, ಸೀರಿ ಉಳೀತಾವ."

ಆಕೆ ಬರುವುದಿಲ್ಲ. ಅದು ವೀರವ್ವನಿಗೂ ಗೊತ್ತಿತ್ತು. ಆ ಗೊತ್ತಿನ ಮೇಲೆ ಗಂಡ ಲೆಕ್ಕ ಹಾಕುತ್ತಿದ್ದಾನೆ ಎನ್ನುವುದೇ ಅವಳಿಗೆ ಚುಚ್ಚಿತು. ಇಳಿದವಳು ಮನೆಗೆ ಹೋಗದೆ ಮುದುಕವ್ವನ ಹಿತ್ತಲಿಗೆ ಹೋಗಿ, ಅವಳು ತಿಕ್ಕುತ್ತಿದ್ದ ಪಾತ್ರೆ ಕಸಿದುಕೊಂಡು ತಾನು ತಿಕ್ಕುತ್ತಾ ಎಲ್ಲ ಹೇಳಿದಳು.

"ನನಗ ಅರ್ಜಿ ಗಿರ್ಜಿ ತಿಳಿಯೂದಿಲ್ಲ."

"ನನಗೂ ತಿಳಿಯೂದಿಲ್ಲ. ಆದ್ರೂ ನಾಕು ಸಲ ಹೋಗಿ ಬಂದೆ."

"ಇವರು ಕೇಳಿದ್ರ?"

"ಅದೂ ನನಗ ತಿಳಿಯೂದಿಲ್ಲ."

ಮುದುಕವ್ವ ನಕ್ಕಳು. "ಏನೂ ತಿಳೀದಾಕಿ ಊರ ಸೀರಿಗೆಲ್ಲಾ ಬೀಗ ಹಾಕಿಸಿದಿ ನೋಡು."

ವಾರದ ಮೇಲೆ ಮುದುಕವ್ವ ಬೇರೊಬ್ಬ ವಕೀಲರ ಮೂಲಕ ಅರ್ಜಿ ಹಾಕಿದಳು. ವಿಚಾರಣೆಯ ದಿನ ಮದುವೆಗೆ ಹೋಗುವ ಸೀರೆ ಉಟ್ಟು ಬಂದಿದ್ದಳು. ನಿಮ್ಮವು ಎಂದು ಹೇಗೆ ಹೇಳುತ್ತೀರಿ ಎಂದು ಕೇಳಿದಾಗ, ಜಪ್ತಿಯಾದವುಗಳಿಂದ ಮುನಾವರ ಮಾದರಿಗೆಂದು ಕೋರ್ಟಿಗೆ ತಂದಿದ್ದ ಸೀರೆಯ ಸೆರಗಿನ ಕುಚ್ಚು ಬಿಡಿಸಿ, ಒಳಗೆ ತಾನು ಸೇರಿಸುವ ಹಸಿರು ಎಳೆಯನ್ನು ತೋರಿಸಿದಳು. ಕೂಲಿಯ ಸೀರೆಗಳಿಗೆ ಅದನ್ನು ಹಾಕುವುದಿಲ್ಲ ಎಂದಳು. ನೂಲು ಕೊಂಡ ಬಿಲ್ಲುಗಳನ್ನೂ ಅವಳ ವಕೀಲರು ಹಾಜರುಪಡಿಸಿದರು. ಬಿಲ್ಲಿನ ಮೇಲೆ ವೀರವ್ವನ ಅಂಗಡಿಯ ಮುದ್ರೆಯಿತ್ತು.

ನ್ಯಾಯಾಧೀಶರು ವಾದಿಯ ಕಡೆ ನೋಡಿದರು. ಸುಧಾರಾಣಿ ಹಿಂದೆ ತಿರುಗಿದಳು.

ವೀರವ್ವನಿಗೆ ಒಂದು ಕ್ಷಣ ತಾನು ಯಾರ ಕಡೆಯವಳೆಂದೇ ತಿಳಿಯಲಿಲ್ಲ. ಬಾಯಿ ಮಾತ್ರ ತೆರೆಯಿತು.

"ಬಿಲ್ಲು ನಂದರೀ ಸಾಹೇಬ್ರ. ಆಕಿ ರೊಕ್ಕ ಕೊಟ್ಟಾಳ. ತಕರಾರ ಇಲ್ರಿ."

ಮುಂದಿನ ದಿನಾಂಕಕ್ಕೆ ಆದೇಶವಾಯಿತು. ಹಸಿರು ಎಳೆಯ ಸೀರೆಗಳು ಅರ್ಜಿದಾರಳ ಸ್ವತ್ತು, ಜಪ್ತಿಯಿಂದ ಬಿಡುಗಡೆ ಮಾಡಿ ಅವಳಿಗೇ ಒಪ್ಪಿಸಬೇಕು. ಉಳಿದ ಸೀರೆಗಳ ಮೇಲಿನ ಜಪ್ತಿ, ಶಶಿಕಾಂತ ಭದ್ರತೆ ಕೊಡುವವರೆಗೆ ಮುಂದುವರಿಯುತ್ತದೆ. ಜಾಗದ ತಡೆಯಾಜ್ಞೆಯೂ ಇದೆ. ಕಡಿಮೆ ಬೀಳುವ ಮೊತ್ತಕ್ಕೆ ಆ ಜಾಗವನ್ನೂ ಜಪ್ತಿಗೆ ಕೇಳೋಣ ಎಂದಳು ಸುಧಾರಾಣಿ, ಕೊಡುತ್ತಾರೆಂದು ಮಾತ್ರ ಹೇಳಲಿಲ್ಲ. ಬಾಕಿಯ ದಾವೆಯ ವಿಚಾರಣೆ ಇನ್ನೂ ಶುರುವೇ ಆಗಿರಲಿಲ್ಲ.

"ಗೆದ್ವೋ ಸೋತ್ವೋ?" ಅಂದಾನಪ್ಪ ಕೇಳಿದ.

"ನನಗ ತಿಳಿಯವಲ್ದು," ಎಂದಳು ವೀರವ್ವ.

ಸೀರೆಗಳನ್ನು ಅಂಗಡಿಯಿಂದ ಬಿಡಿಸಿಕೊಂಡ ದಿನ ಮುದುಕವ್ವ ಗಂಟು ತಲೆಯ ಮೇಲೆ ಹೊತ್ತು ನೇರ ಮನೆಗೇ ನಡೆದಳು. ವೀರವ್ವ ಹಿಂದೆ. ಹೂವಪ್ಪ ಕಟ್ಟೆಯ ಮೇಲೆ ಕೂತಿದ್ದ. ಸುದ್ದಿ ಅವನಿಗೆ ಮೊದಲೇ ಮುಟ್ಟಿತ್ತು.

"ಯಾರ ಮಗ್ಗದಾಗ ನೇಯ್ದಿ ಅವನ್ನ?"

"ಮಗ್ಗ ನಿಂದ. ನೂಲು, ನೇಯ್ಗಿ ನಂದು," ಎಂದಳು ಮುದುಕವ್ವ. "ಕೋರ್ಟಿನ್ಯಾಗೂ ಹಂಗ ಹೇಳಿ ಬಂದೀನಿ."

ಹೂವಪ್ಪ ವೀರವ್ವನನ್ನು ನೋಡಿದ. ಅವನು ಎದ್ದು, ಇವತ್ತು ಒಲೆ ಯಾಕೆ ಹೊತ್ತಿಲ್ಲ ಎಂದು ಗೊಣಗುತ್ತಾ ಒಳಗೆ ಹೋದ. ಮುದುಕವ್ವ ಗಂಟು ಇಳಿಸಲಿಲ್ಲ.

"ವೀರಿ, ಇವು ಮಾರೂಮಟಾ ನಿನ್ನ ಮನ್ಯಾಗ ಇರ್ಲಿ."

ವೀರವ್ವನಿಗೆ ಮತ್ತೆ ಗೊಂದಲವಾಯಿತು. ಯಾವ ಸ್ವತ್ತು ಯಾರ ಮನೆಯಲ್ಲಿದ್ದರೆ ಯಾರದಾಗುತ್ತದೋ, ಈಗ ಅವಳಿಗೆ ಎಲ್ಲದಕ್ಕೂ ಭಯ.

"ಯಾರಾರ ಬಂದು ಇವು ಯಾರವು ಅಂತ ಕೇಳಿದ್ರ ಏನ ಹೇಳ್ಲಿ?"

"ಬಣ್ಣದ ಮಾತ ತಗೀಬ್ಯಾಡ," ಎಂದಳು ಮುದುಕವ್ವ, ಗಂಟನ್ನು ಅವಳ ತಲೆಯ ಮೇಲೆ ಹೊರಿಸುತ್ತಾ. "ನನ್ನ ಹೆಸರ ಹೇಳು."